ಪದಚರ್ಚೆ: ‘ರಿಲೀಸ್ ಆರ್ಡರ್’ ಅಂದರೆ ಬಿಡುಗಡೆ ಆದೇಶವೇ? ದರ ಯಾವ ದಿನದ್ದು?

ಪ್ರಶ್ನೆ (ಖರೀದಿ ವಿಭಾಗ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಎಲ್ಲರಿಗೂ ನಮಸ್ಕಾರ. ಕಾರ್ಟನ್, ಟೇಪ್, ಕಟಿಂಗ್ ಆಯಿಲ್, ಕೈಗವಸು ಇಂಥ ಪದೇ ಪದೇ ತರಿಸುವ ಸಾಮಾನಿಗೆ ನಮ್ಮಲ್ಲಿ ವರ್ಷಕ್ಕೊಮ್ಮೆ ದರ ಮಾತಾಡಿ ರೇಟ್ ಕಾಂಟ್ರಾಕ್ಟ್ ಇಲ್ಲವೇ ಬ್ಲಾಂಕೆಟ್ ಪಿಒ ಮಾಡಿಟ್ಟುಕೊಳ್ಳುತ್ತೇವೆ. ಬೇಕಾದಾಗ ಇಆರ್‌ಪಿ ಸಾಫ್ಟ್‌ವೇರ್‌ನಿಂದ ಇಷ್ಟು ಮಾಲು ಕಳಿಸಿ ಎಂದು ರಿಲೀಸ್ ಆರ್ಡರ್ ಹೋಗುತ್ತದೆ. ಸುತ್ತಮುತ್ತಲ ಸಣ್ಣ ಸಪ್ಲೈಯರ್‌ಗಳಿಗೂ ಸ್ಟೋರ್ಸಿನವರಿಗೂ ಅರ್ಥವಾಗುವಂತೆ ಎರಡು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ‘ದರ ಒಪ್ಪಂದ’, ‘ಸಮಗ್ರ ಖರೀದಿ ಆದೇಶ’, ‘ಬಿಡುಗಡೆ ಆದೇಶ’ ಎಂದು ಹಾಕಿದ್ದೆ. ಕರಡು ಓದಿದ ಸಪ್ಲೈಯರ್ ಒಬ್ಬರು ‘ಬಿಡುಗಡೆ ಆದೇಶ ಆಯ್ತು ಅಂದ್ರಲ್ಲ, ದುಡ್ಡು ಯಾವಾಗ ಬರುತ್ತೆ?’ ಎಂದು ಕೇಳಿದರು. ಇವಕ್ಕೆ ಸರಿಯಾದ ಪದ ಯಾವುದು? ‘ಪ್ರೈಸ್ ವ್ಯಾಲಿಡಿಟಿ’ಗೆ ‘ದರದ ಸಿಂಧುತ್ವ’ ಅಂದರೆ ಸಾಕೇ?

ಉತ್ತರ (ಮಂಡ್ಯ)

ರಿಲೀಸ್ ಆರ್ಡರ್ ಅಂದ್ರೆ ನಮ್ಮ ಕಡೆ ಸಕ್ಕರೆ ಕಾರ್ಖಾನೆ ಮಾತು ಕಣ್ರೀ. ಯಾವ ಕಾರ್ಖಾನೆ ಎಷ್ಟು ಸಕ್ಕರೆ ಮಾರಬಹುದು ಅಂತ ಕೇಂದ್ರ ಸರ್ಕಾರ ಹೊರಡಿಸುತ್ತಿದ್ದ ಆರ್ಡರ್ ಅದು. 2013ರಲ್ಲಿ ಆ ಪದ್ಧತಿ ತೆಗೆದರು, 2018ರ ಜೂನ್‌ನಿಂದ ತಿಂಗಳ ಕೋಟಾ ಮತ್ತೆ ಬಂತು. ಅದಕ್ಕೆ ‘ಬಿಡುಗಡೆ’ ಅನ್ನೋದೇ ಸರಿ, ಗೋದಾಮಿಂದ ಸಕ್ಕರೆ ಬಿಡುಗಡೆ ಆಗ್ತದಲ್ಲ. ನೀವು ಯಾಕೆ ತಲೆ ಕೆಡಿಸಿಕೊಂಡಿದ್ದೀರೋ ತಿಳೀಲಿಲ್ಲ.

ಉತ್ತರ (ಲೆಕ್ಕಪತ್ರ ವಿಭಾಗ, ನಂಜನಗೂಡು)

ಮಂಡ್ಯದ ಸರ್ ಹೇಳಿದ್ದು ಮಾರುವವರ ಕಡೆಯ ಆರ್ಡರ್. ಇಲ್ಲಿ ಕೇಳಿರುವುದು ಕೊಳ್ಳುವವರದ್ದು.

ನನಗೆ ತಿಳಿದಂತೆ ರೇಟ್ ಕಾಂಟ್ರಾಕ್ಟೂ ಬ್ಲಾಂಕೆಟ್ ಪಿಒನೂ ಒಂದೇ, ಹೆಸರು ಎರಡು ಅಷ್ಟೇ. ಎರಡಕ್ಕೂ ‘ದರ ಒಪ್ಪಂದ’ ಸಾಕು. ವ್ಯಾಲಿಡಿಟಿ ವಿಷಯಕ್ಕೆ ಬಂದರೆ ಬಿಲ್ ಯಾವ ದಿನಾಂಕದ್ದೋ ಆ ದಿನದ ದರ ಕೊಡಬೇಕು. ಜಿಎಸ್‌ಟಿಯೂ ಹಾಗೇ ನಡೆಯುತ್ತದಲ್ಲವೇ? ‘ಸಿಂಧುತ್ವ’ ಬೇಡ, ‘ದರದ ಅವಧಿ’ ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

ಉತ್ತರ (ಇಆರ್‌ಪಿ ಅಳವಡಿಕೆ ಕೆಲಸದವರು, ಮೈಸೂರು)

‘ದರದ ಅವಧಿ’ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳಿ. ಉಳಿದ ಎರಡು ಮಾತು ಮಾತ್ರ ಒಪ್ಪುವಂಥದ್ದಲ್ಲ, ಮೇಡಂ.

ಮೊದಲು ಹೆಸರು. ರೇಟ್ ಕಾಂಟ್ರಾಕ್ಟಿನಲ್ಲಿ ದರ ಮತ್ತು ಅವಧಿ ಇರುತ್ತದೆ, ಇಷ್ಟು ಕೊಂಡೇ ಕೊಳ್ಳುತ್ತೇವೆ ಎಂಬ ಮಾತು ಇರುವುದಿಲ್ಲ. ಸರ್ಕಾರಿ ಖರೀದಿಯಲ್ಲೂ ಅದು ಹಾಗೇ: ಪ್ರಮಾಣ ನಮೂದಿಸುವುದಿಲ್ಲ, ಅವಧಿಯೊಳಗೆ ಬಂದ ಸಪ್ಲೈ ಆರ್ಡರಿಗೆ ಆ ದರದಲ್ಲಿ ಕೊಡುತ್ತೇನೆ ಎಂದು ಸಪ್ಲೈಯರ್ ಒಪ್ಪಿರುತ್ತಾರೆ. ಬ್ಲಾಂಕೆಟ್ ಪಿಒದಲ್ಲಿ ಒಟ್ಟು ಪ್ರಮಾಣಕ್ಕೋ ಒಟ್ಟು ಮೊತ್ತಕ್ಕೋ ಒಂದು ಮಿತಿ ಇರುತ್ತದೆ, ಪ್ರತಿ ರಿಲೀಸೂ ಅದರಿಂದ ಕಳೆಯುತ್ತ ಹೋಗುತ್ತದೆ. ಎರಡನ್ನೂ ‘ದರ ಒಪ್ಪಂದ’ ಎಂದು ಕರೆದರೆ ಸಪ್ಲೈಯರ್ 24,000 ಕಾರ್ಟನ್‌ಗೆ ಕಾಗದ ತಂದಿಟ್ಟುಕೊಂಡು ಕೂರಬೇಕೋ ಬೇಡವೋ ಎಂಬುದೇ ತಿಳಿಯುವುದಿಲ್ಲ. ‘ಸಮಗ್ರ’ ಅನ್ನುವುದು ವರದಿಗೆ, ಅಭಿವೃದ್ಧಿಗೆ ಹೊಂದುವ ಪದ. ಹೂಟಗಳ್ಳಿಯ ಯಾವ ಶೆಡ್ಡಿನಲ್ಲಿ ಕೇಳಿದರೂ ‘ಓಪನ್ ಪಿಒ’ ಅನ್ನುತ್ತಾರೆ. ಅದನ್ನೇ ಬರೆದು ‘ಒಟ್ಟು ಮಿತಿ ಇರುವ ಆರ್ಡರ್’ ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು.

‘ಬಿಡುಗಡೆ’ಯನ್ನು ಖಂಡಿತ ಬಿಡಿ. ನಮ್ಮಲ್ಲಿ ಬಿಡುಗಡೆ ಆಗುವುದು ಅನುದಾನ, ಸಂಬಳ, ಸಿನಿಮಾ, ಕೈದಿ. ಇನ್ನೊಂದು ತೊಡಕೂ ಇದೆ. ಸ್ಯಾಪ್ ಎಂಬ ಇಆರ್‌ಪಿಯಲ್ಲಿ `Release` ಎಂದರೆ ಪಿಒಗೆ ಮೇಲಿನವರು ಕೊಡುವ ಅನುಮೋದನೆ. `ME29N` ತೆರೆದು ಮಾಡುವುದು ಅದನ್ನೇ. ಒಪ್ಪಂದದ ಮೇಲೆ ಮಾಲು ಕರೆಯುವ ಆರ್ಡರಿಗೂ ಅದೇ ಹೆಸರು. ‘ರಿಲೀಸ್ ಆಗಿದೆಯಾ?’ ಎಂದು ಸ್ಟೋರ್ಸಿನವರು ಕೇಳಿದರೆ ಮ್ಯಾನೇಜರ್ ಅನುಮೋದನೆ ಕೊಟ್ಟದ್ದನ್ನು ನೆನೆದು ‘ಆಗಿದೆ’ ಅನ್ನುತ್ತಾರೆ, ಮಾಲನ್ನು ಮಾತ್ರ ಯಾರೂ ಕರೆದಿರುವುದಿಲ್ಲ. ನಾನಾದರೆ ಮೊದಲನೆಯದಕ್ಕೆ ‘ಅನುಮೋದನೆ’, ಎರಡನೆಯದಕ್ಕೆ ‘ಸರಬರಾಜು ಆದೇಶ’ ಎಂದು ಬರೆಯುತ್ತೇನೆ.

ಇನ್ನು ದರ ಯಾವ ದಿನದ್ದು ಎಂಬುದು. ಇಲ್ಲಿ ಪದಕ್ಕಿಂತ ವಾಕ್ಯ ಮುಖ್ಯ. ಐದು ಪದರದ ಕಾರ್ಟನ್ ಒಂದಕ್ಕೆ ಸೆಪ್ಟೆಂಬರ್ 30ರವರೆಗೆ 42 ರೂಪಾಯಿ, ಅಕ್ಟೋಬರ್ 1ರಿಂದ 46 ರೂಪಾಯಿ ಎಂದುಕೊಳ್ಳಿ. ಸೆಪ್ಟೆಂಬರ್ 26ಕ್ಕೆ 2,000 ಕಾರ್ಟನ್‌ಗೆ ರಿಲೀಸ್ ಹೋಯಿತು. 29ಕ್ಕೆ 800 ಬಂತು, ಉಳಿದ 1,200 ಅಕ್ಟೋಬರ್ 6ಕ್ಕೆ ಬಂತು. ಎರಡನೆಯ ಬಿಲ್ಲನ್ನು ಸಪ್ಲೈಯರ್ 46ರಂತೆ 55,200 ರೂಪಾಯಿಗೆ ಕಳಿಸಿದರು. ರಿಲೀಸಿನ ದಿನದ ದರ ಹಿಡಿದರೆ ಅದು 50,400. ವ್ಯತ್ಯಾಸ 4,800. ಮೇಡಂ ಹೇಳುವಂತೆ ಬಿಲ್ಲಿನ ದಿನಾಂಕ ಹಿಡಿದರೆ, ದರ ಏರುವ ತಿಂಗಳಲ್ಲಿ ನಾಲ್ಕು ದಿನ ತಡಮಾಡಿ ಬಿಲ್ ಹಾಕುವುದೇ ಲಾಭ. ಒಪ್ಪಂದ ಮಾಡಿಕೊಂಡು ಏನು ಬಂತು?

ಇಆರ್‌ಪಿ ಇದನ್ನು ತಾನಾಗಿ ತೀರ್ಮಾನಿಸುವುದಿಲ್ಲ, ನಾವು ಹೇಳಿದ ದಿನಾಂಕ ನೋಡುತ್ತದೆ. ಸ್ಯಾಪ್‌ನಲ್ಲಿ ಪಿಒ ದಿನಾಂಕ, ಡೆಲಿವರಿ ದಿನಾಂಕ, ಮಾಲು ಒಳಬಂದ ದಿನಾಂಕ ಇವುಗಳಲ್ಲಿ ಯಾವುದಕ್ಕೆ ದರ ಹಿಡಿಯಬೇಕೆಂದು ಆರಿಸಬಹುದು. ಒಪ್ಪಂದದ ಕಾಗದದಲ್ಲಿ ‘ಆರ್ಡರ್ ದಿನದ ದರ’ ಎಂದಿದ್ದು ಸಿಸ್ಟಮ್ಮಿನಲ್ಲಿ ಮಾಲು ಬಂದ ದಿನಾಂಕ ಕೂತಿದ್ದರೆ, ಅಕ್ಟೋಬರ್ 6ಕ್ಕೆ ಮಾಲು ಬಂದದ್ದನ್ನು ದಾಖಲಿಸುವ ಜಿಆರ್‌ಎನ್ ಹಾಕಿದ ಕೂಡಲೇ ದರ 46 ಆಗುತ್ತದೆ. ಬಿಲ್ಲೂ 46. ಎರಡೂ ತಾಳೆಯಾಗಿ ಬಿಲ್ ಎಲ್ಲೂ ತಡೆಯದೆ ಪಾಸಾಗುತ್ತದೆ. ತಪ್ಪು ಕಣ್ಣಿಗೆ ಬೀಳದೆ ಹೋಗುವುದು ಹೀಗೆ. ಪತ್ತೆ ಮಾಡಬೇಕೆಂದರೆ ದರ ಬದಲಾದ ದಿನದ ಆಚೀಚೆ ಒಂದೇ ರಿಲೀಸಿನ ಮೇಲೆ ಬಂದ ಜಿಆರ್‌ಎನ್‌ಗಳನ್ನು ಅಕ್ಕಪಕ್ಕ ಇಟ್ಟು ದರ ನೋಡಿ.

ಉತ್ತರ (ಕಾರ್ಟನ್ ಸಪ್ಲೈಯರ್, ತೂಬಿನಕೆರೆ, ಮಂಡ್ಯ)

ಸಾರ್, ನಮ್ಮ ಕಡೆಯಿಂದಲೂ ಒಂದು ಮಾತು. 26ನೇ ತಾರೀಕು ಆರ್ಡರ್ ಕಳಿಸಿ, 28ಕ್ಕೆ ಫೋನ್ ಮಾಡಿ ‘ಜಾಗ ಇಲ್ಲ, ಮುಂದಿನ ವಾರ ಕಳಿಸಿ’ ಅಂದವರು ಅವರೇ ಆಗಿದ್ದರೆ? ಹೊಸ ದರದ ಕಾಗದದಲ್ಲಿ ಮಾಡಿದ ಬಾಕ್ಸನ್ನು ಹಳೇ ದರಕ್ಕೆ ಕೊಡಬೇಕಾ? ಇನ್ನೊಂದು, ಅವಧಿ ಮುಗಿಯೋ ಹಿಂದಿನ ದಿನ ಮೂರು ತಿಂಗಳ ಮಾಲಿಗೆ ಒಟ್ಟಿಗೆ ಆರ್ಡರ್ ಬರ್ತದೆ. ಅದಕ್ಕೆ ನಿಮ್ಮ ಸೂಚನೆಯಲ್ಲಿ ಯಾವ ಪದ ಇದೆ?

ಉತ್ತರ (ಇಆರ್‌ಪಿ ಅಳವಡಿಕೆ ಕೆಲಸದವರು, ಮೈಸೂರು)

ನ್ಯಾಯವಾದ ಪ್ರಶ್ನೆ. ಅದಕ್ಕೇ ವಾಕ್ಯ ಮುಖ್ಯ ಅಂದದ್ದು. ನಾನು ಬರೆಯುವುದು ಹೀಗೆ: ‘ಸರಬರಾಜು ಆದೇಶದ ದಿನಾಂಕದಂದು ಜಾರಿಯಲ್ಲಿರುವ ದರ ಆ ಆದೇಶದ ಪೂರ್ತಿ ಮಾಲಿಗೆ ಅನ್ವಯಿಸುತ್ತದೆ. ಕೊಳ್ಳುವವರ ಕೋರಿಕೆಯ ಮೇಲೆ ಸರಬರಾಜು ಮುಂದೆ ಹೋದರೆ ಮಾಲು ಕಳಿಸಿದ ದಿನದ ದರ. ಸಪ್ಲೈಯರ್ ಕಡೆಯಿಂದ ತಡವಾದರೆ ಎರಡರಲ್ಲಿ ಕಡಿಮೆ ದರ.’ ಮುಂದೂಡಿದ್ದನ್ನು ಫೋನಿನಲ್ಲಿ ಹೇಳಿ ಬಿಡದೆ ಪಿಒದಲ್ಲಿ ಡೆಲಿವರಿ ದಿನಾಂಕ ತಿದ್ದಿ ಮರುಕಳಿಸಬೇಕು. ಇಲ್ಲದಿದ್ದರೆ ಯಾರಿಂದ ತಡ ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಕೊನೆಯ ದಿನದ ಭಾರೀ ಆರ್ಡರಿಗೆ ಪದ ಇಲ್ಲ, ಮಿತಿ ಬೇಕು. ಒಂದು ರಿಲೀಸಿಗೆ ಗರಿಷ್ಠ ಪ್ರಮಾಣ ಮತ್ತು ರಿಲೀಸ್ ಆದ ಎಷ್ಟು ದಿನದೊಳಗೆ ಮಾಲು ಎತ್ತಬೇಕು ಎಂದು ಒಪ್ಪಂದದಲ್ಲೇ ಹಾಕಿಸಿಕೊಳ್ಳಿ. ಸರ್ಕಾರಿ ದರ ಒಪ್ಪಂದದಲ್ಲಿ ಕೊನೆಯ ದಿನದ ಆದೇಶವೂ ಊರ್ಜಿತ. ಖಾಸಗಿಯಲ್ಲಿ ನೀವು ಬರೆದುಕೊಂಡಂತೆ.

ಹೊಸ ದರ ಹಾಕುವಾಗ ಹಳೆಯ ಸಾಲಿನಲ್ಲಿ 42 ಅಳಿಸಿ 46 ಹೊಡೆಯಬೇಡಿ. ಹಳೆಯದನ್ನು ಸೆಪ್ಟೆಂಬರ್ 30ಕ್ಕೆ ಮುಗಿಸಿ, ಅಕ್ಟೋಬರ್ 1ರಿಂದ ಬೇರೆ ಸಾಲು ಸೇರಿಸಿ. ಅಳಿಸಿ ಹೊಡೆದರೆ 26ನೇ ತಾರೀಕಿನ ಆರ್ಡರನ್ನು ಯಾವುದೋ ಕಾರಣಕ್ಕೆ ತಿದ್ದಿದಾಗ ಅದು ಹೊಸ ದರ ಎಳೆದುಕೊಳ್ಳುತ್ತದೆ. ಎರಡು ಸಾಲಿನ ನಡುವೆ ದಿನ ಬಿಟ್ಟುಹೋದರೂ ಕಷ್ಟ. ಆ ದಿನ ಮಾಡಿದ ಆರ್ಡರಿಗೆ ಸಾಫ್ಟ್‌ವೇರ್ ಕಳೆದ ಖರೀದಿಯ ದರವನ್ನೋ ಸೊನ್ನೆಯನ್ನೋ ತಂದು ಕೂರಿಸುತ್ತದೆ.

ಮೇಡಂ ಜಿಎಸ್‌ಟಿ ಎತ್ತಿದ್ದರಿಂದ ಇದಿಷ್ಟು: ದರವನ್ನು ತೆರಿಗೆ ಸೇರಿಸಿ ನಮೂದಿಸಬೇಡಿ. 2025ರ ಸೆಪ್ಟೆಂಬರ್ 22ಕ್ಕೆ ತೆರಿಗೆ ಬದಲಾದಾಗ, ಸೇರಿಸಿ ಬರೆದವರು ಪ್ರತಿ ಸಾಲನ್ನೂ ಬಿಡಿಸಿ ತಿದ್ದಬೇಕಾಯಿತು.

ಮರುಪ್ರಶ್ನೆ (ಖರೀದಿ ವಿಭಾಗ, ಹೆಬ್ಬಾಳ)

ಧನ್ಯವಾದ ಸರ್. ವಾಕ್ಯವನ್ನು ಹಾಗೇ ತೆಗೆದುಕೊಳ್ಳುತ್ತೇನೆ. ಇನ್ನೊಂದು ಪದ ಉಳಿಯಿತು: ‘ಬಾಕಿ’. ನಮ್ಮ ರಿಪೋರ್ಟಿನಲ್ಲಿ ಓಪನ್ ಪಿಒ 24,000, ಬಾಕಿ 1,500 ಎಂದು ತೋರಿಸುತ್ತದೆ. ಬಂದಿರುವ ಮಾಲು 21,300 ಮಾತ್ರ. ಹಾಗಿದ್ದರೆ ಬಾಕಿ 2,700 ಅಲ್ಲವೇ? 2,000ಕ್ಕೆ ರಿಲೀಸ್ ಮಾಡಹೋದರೆ ಮಿತಿ ಮೀರಿದೆ ಎನ್ನುತ್ತದೆ.

ಉತ್ತರ (ಇಆರ್‌ಪಿ ಅಳವಡಿಕೆ ಕೆಲಸದವರು, ಮೈಸೂರು)

ಅಲ್ಲಿ ಎರಡು ಬಾಕಿ ಸೇರಿಕೊಂಡಿವೆ. ನೀವು ಇಲ್ಲಿಯವರೆಗೆ ಕರೆದದ್ದು 22,500, ಹಾಗಾಗಿ ಇನ್ನೂ ಕರೆಯದ್ದು 1,500. ಕರೆದರೂ ಬರದದ್ದು 1,200. ಲೆಕ್ಕದ ಮೇಡಂ ಅವರ ಬಾಯಲ್ಲಿ ಬಾಕಿ ಎಂದರೆ ಕೊಡಬೇಕಾದ ಹಣ, ಅದು ಮೂರನೆಯದು. ರಿಪೋರ್ಟಿನ ತಲೆಬರಹದಲ್ಲಿ ‘ಕರೆಯದ ಪ್ರಮಾಣ’, ‘ಬರದ ಪ್ರಮಾಣ’ ಎಂದು ಬೇರೆ ಬೇರೆ ಹಾಕಿ.

ಆ 1,200ರಲ್ಲಿ ಹಳೆಯ ರಿಲೀಸುಗಳ ಮೇಲೆ ಇನ್ನು ಬರಲಾರದ ಮಾಲು ಎಷ್ಟಿದೆ ನೋಡಿ. 700 ಇದೆ ಅಂದುಕೊಳ್ಳೋಣ, ಅದನ್ನು ಓಪನ್ ಪಿಒಗೆ ವಾಪಸ್ ತಂದರೆ ಕರೆಯದ ಪ್ರಮಾಣ 2,200 ಆಗಿ ನಿಮ್ಮ ರಿಲೀಸ್ ಹೋಗುತ್ತದೆ. ತರಲು ನಂಬಬಹುದಾದ ದಾರಿ: ಆ ರಿಲೀಸುಗಳ ಪ್ರಮಾಣವನ್ನು ಬಂದಷ್ಟಕ್ಕೆ ಇಳಿಸುವುದು. ಸುಮ್ಮನೆ ‘ಕ್ಲೋಸ್’ ಒತ್ತಬೇಡಿ. ಕೆಲವು ಸಾಫ್ಟ್‌ವೇರ್‌ನಲ್ಲಿ ಕ್ಲೋಸ್ ಮಾಡಿದರೂ ಒಂದೂ ವಾಪಸ್ ಬರುವುದಿಲ್ಲ. ಇನ್ನು ಕೆಲವು ಬಂದ ಮಾಲನ್ನೂ ಸೇರಿಸಿ ಇಡೀ ರಿಲೀಸನ್ನು ವಾಪಸ್ ಹಾಕಿಬಿಡುತ್ತವೆ, ಆಗ 24,000 ಮೀರಿ ಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಣ್ಣ ರಿಲೀಸನ್ನು ಟೆಸ್ಟ್ ಸರ್ವರ್‌ನಲ್ಲಿ ಕ್ಲೋಸ್ ಮಾಡಿ ಮೊದಲು ನೋಡಿಕೊಳ್ಳಿ.

ಉತ್ತರ (ಲೆಕ್ಕಪತ್ರ ವಿಭಾಗ, ನಂಜನಗೂಡು)

ಬಿಲ್ ದಿನಾಂಕದ ಮಾತು ಬಿಟ್ಟುಕೊಟ್ಟೆ. ಆದರೆ ‘ಸರಬರಾಜು ಆದೇಶ’ ಒಪ್ಪಿಗೆಯಾಗಲಿಲ್ಲ. ಬಿಡಿಬಿಡಿಯಾಗಿ ಒಂದು ಸಲಕ್ಕೆಂದು ಮಾಡುವ ಪಿಒ ಕೂಡ ಸರಬರಾಜು ಆದೇಶವೇ ಅಲ್ಲವೇ? ಯಾವುದು ಒಪ್ಪಂದದ ಮೇಲಿನದು ಎಂದು ಬಿಲ್ ಪಾಸ್ ಮಾಡುವವರಿಗೆ ಹೇಗೆ ತಿಳಿಯಬೇಕು?

ಉತ್ತರ (ಕಾರ್ಟನ್ ಸಪ್ಲೈಯರ್, ತೂಬಿನಕೆರೆ)

ನಮ್ಮ ಹುಡುಗರು ‘ಕಾಲ್ ಬಂತು’ ಅಂತಾರೆ. ಎಷ್ಟನೇ ಕಾಲ್, ಯಾವ ಓಪನ್ ಪಿಒ ಮೇಲೆ ಅಂತ ನಂಬರ್ ಹಾಕಿಬಿಟ್ಟರೆ ನಾವು ಬಿಲ್ಲಿನಲ್ಲೂ ಅದೇ ನಂಬರ್ ಬರೀತೀವಿ. ಹೆಸರು ಏನಾದರೂ ಇಟ್ಟುಕೊಳ್ಳಿ ಮೇಡಂ.