ಬುಧನ ಕಕ್ಷೆಯಲ್ಲಿ ಲೆಕ್ಕಕ್ಕೆ ಸಿಗದ 43 ಆರ್ಕ್ ಸೆಕೆಂಡ್

ಪ್ರಶ್ನೆ (ಪದವಿ ವಿದ್ಯಾರ್ಥಿನಿ): ಬುಧನ ಕಕ್ಷೆ ನಿಧಾನವಾಗಿ ಜರುಗುವುದನ್ನು ನ್ಯೂಟನ್ನನ ನಿಯಮ ವಿವರಿಸಲಿಲ್ಲ ಎಂದು ಓದಿದೆ. ಬೇರೆ ಗ್ರಹಗಳ ಸೆಳೆತದಿಂದಲೂ ಕಕ್ಷೆ ಜರುಗಬಹುದಲ್ಲವೇ ಸರ್? ಹಾಗಾದರೆ ದೋಷ ಸಿದ್ಧಾಂತದ್ದೇ ಎಂದು ಹೇಗೆ ತಿಳಿಯಿತು?

ಉತ್ತರ (ಖಗೋಳವಿಜ್ಞಾನದ ನಿವೃತ್ತ ಪ್ರಾಧ್ಯಾಪಕರು): ನಿಮ್ಮ ಅನುಮಾನ ಸರಿಯಾಗಿದೆ; ಜರುಗುವಿಕೆಯ ಹೆಚ್ಚಿನ ಪಾಲು ನ್ಯೂಟನ್ನನ ನಿಯಮಕ್ಕೇ ಸಲ್ಲುತ್ತದೆ. ಬುಧ ಸೂರ್ಯನಿಗೆ ಅತಿ ಸಮೀಪ ಬರುವ ಬಿಂದು ಬೇರೆ ಗ್ರಹಗಳ ಸೆಳೆತದಿಂದ ಶತಮಾನಕ್ಕೆ ಸುಮಾರು 532 ಆರ್ಕ್ ಸೆಕೆಂಡ್ ಮುಂದೆ ಸರಿಯುತ್ತದೆ. ಒಂದು ಡಿಗ್ರಿಗೆ 3600 ಆರ್ಕ್ ಸೆಕೆಂಡ್ ಎಂದರೆ ಇದು ಎಷ್ಟು ಅಲ್ಪವೆಂದು ಊಹಿಸಬಹುದು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನೆರೆಯ ಶುಕ್ರನ ಕೆಲಸ. ಉಳಿದುದರಲ್ಲಿ ಬಹುಪಾಲು ಗುರು ಮತ್ತು ಭೂಮಿಯದು. ಆದರೆ ವೀಕ್ಷಣೆಯಲ್ಲಿ ಸಿಕ್ಕ ಮೊತ್ತ ಸುಮಾರು 575.

1859ರಲ್ಲಿ ಪ್ಯಾರಿಸ್ಸಿನ ಲೆವೆರಿಯೆ ಈ ಕೊರತೆಯನ್ನು ಗುರುತಿಸಿದರು. ಸೂರ್ಯನ ಹತ್ತಿರವೇ ಇರುವ ಬುಧನ ಸ್ಥಾನವನ್ನು ಅಳೆಯುವುದು ಕಷ್ಟ. ಆದರೆ ಅದು ಸೂರ್ಯಬಿಂಬದ ಮುಂದೆ ಹಾದುಹೋಗುವಾಗ ಅಂಚನ್ನು ಮುಟ್ಟುವ ಕ್ಷಣವನ್ನು ಗಡಿಯಾರದಿಂದ ನಿಖರವಾಗಿ ದಾಖಲಿಸಬಹುದು. 1697ರಿಂದ ಕೂಡಿಟ್ಟಿದ್ದ ಇಂಥ ಸಂಕ್ರಮಣಗಳ ದಾಖಲೆಗಳಿಂದ ಅವರಿಗೆ ಸಿಕ್ಕ ಕೊರತೆ 38. 1882ರಲ್ಲಿ ಅಮೆರಿಕದ ನ್ಯೂಕೂಂಬ್ ಅದನ್ನು 43ಕ್ಕೆ ತಿದ್ದಿದರು.

ಲೆವೆರಿಯೆ ಕೂಡಲೇ ನ್ಯೂಟನ್ನನನ್ನು ಕೈಬಿಡಲಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಶುಕ್ರನ ದ್ರವ್ಯರಾಶಿಯನ್ನು ಹತ್ತನೇ ಒಂದು ಪಾಲು ಹೆಚ್ಚಿಸಿದರೆ ಕೊರತೆ ತುಂಬುತ್ತಿತ್ತು, ಆದರೆ ಹಾಗೆ ಮಾಡಿದರೆ ಭೂಮಿಯ ಕಕ್ಷಾತಲದ ಬದಲಾವಣೆ ವೀಕ್ಷಣೆಗೆ ಹೊಂದುತ್ತಿರಲಿಲ್ಲ. ಯುರೇನಸ್ಸಿನ ಇಂಥದೇ ತೊಡಕಿನಿಂದ 1846ರಲ್ಲಿ ನೆಪ್ಚೂನನ್ನು ಲೆಕ್ಕದಲ್ಲೇ ಹಿಡಿದಿದ್ದ ಅವರು, ಬುಧನಿಗಿಂತ ಒಳಗೆ ಇನ್ನೊಂದು ಗ್ರಹ ಇರಬೇಕೆಂದು ನಂಬಿದರು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು, ಕಂಡೆವೆಂದವರೂ ಇದ್ದರು. ಆದರೆ ಗ್ರಹಣದ ನಂತರ ಗ್ರಹಣದಲ್ಲಿ ಹುಡುಕಿದರೂ ಅದು ದೃಢಪಡಲಿಲ್ಲ.

ಒಬ್ಬ ಸದಸ್ಯರು: ಬುಧನ ವಕ್ರಗತಿಯ ಬಗ್ಗೆಯೇ ಅಲ್ಲವೇ ಹೇಳುತ್ತಿರುವುದು? ನಮ್ಮ ಮನೆಯ ಪಂಚಾಂಗದಲ್ಲಿ ವರ್ಷಕ್ಕೆ ಮೂರು ಸಲ ಬರುತ್ತದೆ.

ಪ್ರಾಧ್ಯಾಪಕರು: ಅದು ಬೇರೆ ಸಂಗತಿ. ನಾವೂ ಚಲಿಸುತ್ತಿರುವುದರಿಂದ ಬುಧ ಕೆಲ ವಾರ ಹಿಂದಕ್ಕೆ ಹೋದಂತೆ ಕಾಣುತ್ತದೆ, ಕಕ್ಷೆ ಬದಲಾಗುವುದಿಲ್ಲ. ಆದರೂ ಪಂಚಾಂಗದವರಿಗೆ ಪರಿಚಿತವಾದ ಇನ್ನೊಂದು ವಿಷಯಕ್ಕೆ ಇಲ್ಲಿ ಸಂಬಂಧವಿದೆ. ವಿಷುವ ಬಿಂದುವಿನಿಂದ ಅಳೆದರೆ ಬುಧನ ಕಕ್ಷೆ ಶತಮಾನಕ್ಕೆ ಸುಮಾರು 5600 ಆರ್ಕ್ ಸೆಕೆಂಡ್ ಸರಿದಂತೆ ತೋರುತ್ತದೆ. ಅದರಲ್ಲಿ 5025ರಷ್ಟು ವಿಷುವ ಬಿಂದುವೇ ಸರಿಯುವ ಅಯನಚಲನೆ. ಅದನ್ನು ಕಳೆದ ಮೇಲೆ ಉಳಿಯುವುದೇ ನಾನು ಹೇಳಿದ 575.

ಎಂಜಿನಿಯರ್ ಒಬ್ಬರು: ವೇಗ ಹೆಚ್ಚಾದಾಗ ದ್ರವ್ಯರಾಶಿ ಹೆಚ್ಚುತ್ತದೆ, ಬುಧ ಅತಿ ವೇಗದ ಗ್ರಹ. ಇಷ್ಟೇ ಕಾರಣವಲ್ಲವೇ?

ಪ್ರಾಧ್ಯಾಪಕರು: ದಿಕ್ಕು ಸರಿ, ಪ್ರಮಾಣ ಸಾಲದು. ನ್ಯೂಟನ್ನನ ಬಲವನ್ನು ಹಾಗೆಯೇ ಇಟ್ಟು ಚಲನೆಗೆ ಮಾತ್ರ ವಿಶೇಷ ಸಾಪೇಕ್ಷತೆಯನ್ನು ಅನ್ವಯಿಸಿದರೆ ಸಿಗುವುದು ಆರನೇ ಒಂದು ಪಾಲು, ಸುಮಾರು 7. ಐನ್‌ಸ್ಟೈನ್ ಸ್ವತಃ 1913ರಲ್ಲಿ ಗೆಳೆಯ ಬೆಸ್ಸೊ ಜೊತೆ ತಮ್ಮ ಅಪೂರ್ಣ ಸಿದ್ಧಾಂತದಿಂದ ಲೆಕ್ಕ ಮಾಡಿದಾಗ ದೊರೆತದ್ದು 18. ಸಿದ್ಧಾಂತ ಪೂರ್ಣ ರೂಪಕ್ಕೆ ಬರುತ್ತಿದ್ದಾಗ, 1915ರ ನವೆಂಬರ್ 18ರಂದು, ಬರ್ಲಿನ್ನಿನ ಅಕಾಡೆಮಿಯ ಮುಂದೆ ಅವರು 43ನ್ನು ಇಟ್ಟರು. G ಗುರುತ್ವ ಸ್ಥಿರಾಂಕ, M ಸೂರ್ಯನ ದ್ರವ್ಯರಾಶಿ, c ಬೆಳಕಿನ ವೇಗ, a ಕಕ್ಷೆಯ ದೀರ್ಘಾಕ್ಷದ ಅರ್ಧ, e ಕಕ್ಷೆಯ ಉತ್ಕೇಂದ್ರತೆ ಎಂದಿಟ್ಟರೆ ಒಂದು ಸುತ್ತಿಗೆ ಆಗುವ ತಿರುವು ಇದು:

```
6πGM / (c² a (1 − e²))
```

ಸೂರ್ಯನಿಗೆ GM/c² ಎಂದರೆ 1.477 ಕಿ.ಮೀ.; ಬುಧನಿಗೆ a(1 − e²) ಸುಮಾರು 5.55 ಕೋಟಿ ಕಿ.ಮೀ. ಭಾಗಿಸಿ ಕೋನಕ್ಕೆ ಬದಲಿಸಿದರೆ ಸುತ್ತಿಗೆ 0.1035 ಆರ್ಕ್ ಸೆಕೆಂಡ್. ಬುಧನಿಗೆ 88 ದಿನಕ್ಕೊಂದು ಸುತ್ತಾದ್ದರಿಂದ ಶತಮಾನಕ್ಕೆ 415 ಸುತ್ತುಗಳು; ಗುಣಿಸಿದರೆ 43. ಇಲ್ಲಿ ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಒಂದೂ ಸ್ಥಿರಾಂಕವಿಲ್ಲ. ನ್ಯೂಟನ್ನನ ನಿಯಮದಲ್ಲಿ ದೂರದ ವರ್ಗದ ಬದಲು 2.00000016ನೇ ಘಾತ ಇಟ್ಟರೂ ಕೊರತೆ ತುಂಬುತ್ತದೆಂದು 1894ರಲ್ಲಿ ಅಸಾಫ್ ಹಾಲ್ ತೋರಿಸಿದ್ದರು, ಆದರೆ ಆ ಸಂಖ್ಯೆ ಬುಧನಿಗಾಗಿಯೇ ಆರಿಸಿದ್ದು. ಮುಂದೆ ಚಂದ್ರನ ಚಲನೆಗೆ ಅದು ಒಪ್ಪಲಿಲ್ಲ.

ಗಣಿತ ಶಿಕ್ಷಕಿ: ಸೂರ್ಯ ನಡುವಿನಲ್ಲಿ ಸ್ವಲ್ಪ ಉಬ್ಬಿದ್ದರೂ ಕಕ್ಷೆ ತಿರುಗುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ?

ಪ್ರಾಧ್ಯಾಪಕರು: ಒಳ್ಳೆಯ ಪ್ರಶ್ನೆ, ಮೇಡಂ. 1960ರ ದಶಕದಲ್ಲಿ ಡಿಕೆ ಮತ್ತು ಗೋಲ್ಡನ್‌ಬರ್ಗ್ ಅಳೆದ ಉಬ್ಬು ನಿಜವಾಗಿದ್ದರೆ 3ಕ್ಕಿಂತ ಹೆಚ್ಚು ಆರ್ಕ್ ಸೆಕೆಂಡ್ ಅದಕ್ಕೇ ಸಲ್ಲಬೇಕಿತ್ತು, ಐನ್‌ಸ್ಟೈನ್ ಲೆಕ್ಕವೇ ಅಲುಗುತ್ತಿತ್ತು. ನಂತರ ಸೂರ್ಯನ ಕಂಪನಗಳ ಅಧ್ಯಯನದಿಂದ ಅದರ ಪಾಲು ಆರ್ಕ್ ಸೆಕೆಂಡಿನ ಹತ್ತನೇ ಒಂದಂಶಕ್ಕಿಂತಲೂ ಕಡಿಮೆ ಎಂದು ಗೊತ್ತಾಯಿತು.

ವಿದ್ಯಾರ್ಥಿನಿ: 43ರಲ್ಲಿ ದೇಶದ ವಕ್ರತೆಯಿಂದ ಬಂದದ್ದೆಷ್ಟು, ಕಾಲದಿಂದ ಬಂದದ್ದೆಷ್ಟು ಸರ್?

ಪ್ರಾಧ್ಯಾಪಕರು: ಆ ಹಂಚಿಕೆ ನೀವು ಆರಿಸುವ ನಿರ್ದೇಶಾಂಕಗಳ ಮೇಲೆ ನಿಲ್ಲುತ್ತದೆ, ಮೊತ್ತ ಮಾತ್ರ ಬದಲಾಗುವುದಿಲ್ಲ.

ಗಣಿತ ಶಿಕ್ಷಕಿ: ಕ್ಷಮಿಸಿ ಸರ್, ಇದು ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಎರಡು ನಿರ್ದೇಶಾಂಕಗಳಲ್ಲಿ ಬಿಡಿಸಿ ನೋಡಿ ಇಲ್ಲೇ ಬರೆಯುತ್ತೇನೆ.