ಹಳೇ ಫ್ಯಾನ್ ರೆಗ್ಯುಲೇಟರ್ ತೆಗೆದ್ರೆ ಬಿಲ್ ಇಳಿಯುತ್ತಾ?

ತಿಪಟೂರಿನ ಗೃಹಿಣಿ: ಸರ್, ಹಾಲ್‌ನಲ್ಲಿ ಮಾವನ ಕಾಲದ ಡಬ್ಬದ ರೆಗ್ಯುಲೇಟರ್ ಇದೆ, ಮುಟ್ಟಿದ್ರೆ ಬಿಸಿ. ಎಲೆಕ್ಟ್ರಾನಿಕ್ ಹಾಕಿಸಿದ್ರೆ ಕರೆಂಟ್ ಉಳಿಯುತ್ತಾ?

ಎಲೆಕ್ಟ್ರಿಷಿಯನ್: ಫುಲ್ ಸ್ಪೀಡಲ್ಲೇ ಓಡಿಸೋದಾದ್ರೆ ಏನೂ ಉಳಿಯಲ್ಲ ಅಮ್ಮ. 5ರಲ್ಲಿ ಡಬ್ಬದೊಳಗಿನ ತಂತಿ ಸುರುಳಿಗೆ ಕರೆಂಟ್ ಹೋಗೋದೇ ಇಲ್ಲ. ಮೊನ್ನೆ ಒಂದು ಮನೇಲಿ ಮೀಟರ್ ಹಾಕಿ ನೋಡಿದೆ. ಫುಲ್ಲಲ್ಲಿ ಹಳೇದೂ ಹೊಸದೂ 74 ವ್ಯಾಟ್. 3ರಲ್ಲಿ ಹಳೇದು 54, ಹೊಸದು 40. ಆ 14 ವ್ಯಾಟ್ ಡಬ್ಬ ಕಾಯಿಸೋದಕ್ಕೇ ಹೋಗ್ತಿತ್ತು. ದಿನಕ್ಕೆ 10 ಗಂಟೆ ಅಂದ್ರೆ ತಿಂಗಳಿಗೆ 4 ಯೂನಿಟ್ ಚಿಲ್ಲರೆ. ಯೂನಿಟ್‌ಗೆ 6 ರೂಪಾಯಿ ಹಿಡಿದ್ರೆ 25 ರೂಪಾಯಿ.

ಐಟಿಐ ಓದಿದವ: ಹಳೇದು 1ರಲ್ಲಿಟ್ರೂ 75 ವ್ಯಾಟೇ ತಿನ್ನುತ್ತೆ ಸರ್.

ಎಲೆಕ್ಟ್ರಿಷಿಯನ್: ಡಬ್ಬ ಕಾಯುತ್ತೆ ಅನ್ನೋದು ನಿಜ, 75 ಅನ್ನೋದು ಸುಳ್ಳು. ರೆಸಿಸ್ಟೆನ್ಸ್ ಸೀರೀಸಲ್ಲಿ ಬಂದಾಗ ಒಟ್ಟು ಕರೆಂಟೇ ಇಳಿಯುತ್ತೆ.

ಕಡೂರಿನ ನಿವೃತ್ತರು: ನಮ್ಮದು ಗೃಹಜ್ಯೋತಿ. ಬಿಲ್ಲೇ ಸೊನ್ನೆ, ಇದೆಲ್ಲ ಯಾಕ್ರೀ?

ಐಟಿಐ ಓದಿದವ: 200 ಯೂನಿಟ್ ದಾಟಿದ ತಿಂಗಳು ಗೊತ್ತಾಗುತ್ತೆ ಬಿಡಿ.

ಕಡೂರಿನ ನಿವೃತ್ತರು: ನಮ್ಮನೆ ಮೀಟರ್ ನೀವು ಓದ್ತೀರಾ?

ಇನ್ನೊಬ್ಬ ಸದಸ್ಯೆ: ರಿಮೋಟ್ ಇರೋ ಬಿಎಲ್‌ಡಿಸಿ ಫ್ಯಾನ್‌ಗೂ ಹಾಕಬಹುದಾ?

ಎಲೆಕ್ಟ್ರಿಷಿಯನ್: ಬೇಡ. ರೆಗ್ಯುಲೇಟರ್ ತೆಗೆಸಿ, ನೇರ ಸ್ವಿಚ್ಚಿಗೆ ಕೊಡಿಸಿ.

ಹೊಸ ಸದಸ್ಯ: ಎಲೆಕ್ಟ್ರಾನಿಕ್ ಹಾಕಿದ್ರೆ ಕರೆಂಟ್ ಉಳಿಯುತ್ತಾ ಸರ್?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಹಾಸನದ ಸದಸ್ಯ: ರೆಗ್ಯುಲೇಟರ್‌ಗೆ ದುಡ್ಡು ದಂಡ ಅಂತ ವಿಡಿಯೋ ಬಂದಿತ್ತು. ಅದರಂತೆ ಫ್ಯಾನ್ ಕೆಪಾಸಿಟರ್ ಒಂದನ್ನ ಬೋರ್ಡೊಳಗೆ ಟೇಪ್ ಸುತ್ತಿ ಸೇರಿಸಿದೆ. ಸ್ಪೀಡೇನೋ ಇಳೀತು. ಸ್ವಿಚ್ ಆಫ್ ಮಾಡಿ ಮುಟ್ಟಿದ್ರೂ ಹೊಡೀತು.

ಎಲೆಕ್ಟ್ರಿಷಿಯನ್: ಮೊದಲು ಮೇನ್ ಆಫ್ ಮಾಡಿ. ಆ ಬೋರ್ಡಿಗೆ ಇನ್ನು ಕೈ ಹಾಕಬೇಡಿ. ಒಂದೇ ಸಲ ಚುರುಕ್ ಅಂತೋ, ಹಿಡಿದಷ್ಟು ಹೊತ್ತೂ ಜುಮ್ ಅಂತಿತ್ತೋ? ಒಂದೇ ಸಲ ಆದ್ರೆ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜು. ಅಂಗಡಿಯ ರೆಗ್ಯುಲೇಟರಲ್ಲಿ ಅದನ್ನ ಇಳಿಸೋಕೆ ಪಕ್ಕದಲ್ಲೇ ಸಣ್ಣ ರೆಸಿಸ್ಟರ್ ಕೂರಿಸಿರ್ತಾರೆ, ನಿಮ್ಮ ವಿಡಿಯೋದವನು ಬಿಟ್ಟಿದ್ದಾನೆ. ಜುಮ್ ಅಂತಲೇ ಇದ್ರೆ ಇನ್ನೂ ಕೆಟ್ಟದ್ದು: ಸ್ವಿಚ್ಚು ನ್ಯೂಟ್ರಲ್‌ಗೆ ಬಿದ್ದಿರಬಹುದು, ಹಾಗಿದ್ರೆ ಫೇಸ್ ಯಾವಾಗಲೂ ಫ್ಯಾನ್‌ನಲ್ಲೇ ನಿಂತಿರುತ್ತೆ. ಆಗ ಹೊಸ ರೆಗ್ಯುಲೇಟರ್ ಹಾಕಿದ್ರೂ ಅಪಾಯ ಹೋಗಲ್ಲ. ಊರಿನ ವೈರ್‌ಮನ್‌ನ ಕರೆಸಿ, ಸ್ವಿಚ್ ಆಫ್ ಇದ್ದಾಗ ಫ್ಯಾನ್ ತಂತಿಗೆ ಟೆಸ್ಟರ್ ಹಿಡಿಸಿ. ಚೆನ್ನಾಗಿ ಉರಿದ್ರೆ ತಂತಿ ಅದಲುಬದಲು ಮಾಡಿಸಲೇಬೇಕು.

ಹಾಸನದ ಸದಸ್ಯ: ವಿಡಿಯೋಗೆ ಲಕ್ಷ ಲೈಕ್ ಇತ್ತು ಸರ್.

ಎಲೆಕ್ಟ್ರಿಷಿಯನ್: ಲೈಕ್ ಕೊಟ್ಟೋರು ಬೋರ್ಡಿಗೆ ಕೈ ಹಾಕಿರಲಿಲ್ಲ. ಚುರುಕ್ಕೋ, ಜುಮ್ಮೋ? ಅದನ್ನ ಹೇಳಿ.

ತಿಪಟೂರಿನ ಗೃಹಿಣಿ: ಹೊಸದು ತಗೊಂಡ್ರೆ ಗುಂಯ್ ಅನ್ನುತ್ತೆ ಅಂತಾರಲ್ಲ, ಹೌದಾ?

ಕಡೂರಿನ ನಿವೃತ್ತರು: 25 ರೂಪಾಯಿಗೆ ಇಷ್ಟು ಗಲಾಟೆ!

ಹಾಸನದ ಸದಸ್ಯ: ಜುಮ್ ಅಂತಲೇ ಇತ್ತು ಸರ್.

ಎಲೆಕ್ಟ್ರಿಷಿಯನ್: ಮೇನ್ ಆಫ್ ಮಾಡಿದ್ರಾ?