‘ಉಲ್ಲಂಘನೆ’ಯೋ ‘ಲೋಪ’ವೋ? ಅಪಘಾತದ ಪಾಠದಲ್ಲಿ ಸಿಕ್ಕಿಕೊಂಡ ಎರಡು ಪದಗಳು

ಅನುವಾದಕಿ, ಶಿವಮೊಗ್ಗ

ಮಾನ್ಯರೇ, ಕಾನೂನು ವಿದ್ಯಾರ್ಥಿಗಳಿಗಾಗಿ ನಿರ್ಲಕ್ಷ್ಯದ ಕುರಿತ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಡ್ಯೂಟಿ ಆಫ್ ಕೇರ್’ ಎಂಬುದನ್ನು ಹಿಂದಿನ ಕರಡಿನಲ್ಲಿ ‘ಆರೈಕೆಯ ಕರ್ತವ್ಯ’ ಎಂದೂ ‘ಬ್ರೀಚ್’ ಎಂಬುದನ್ನು ‘ಉಲ್ಲಂಘನೆ’ ಎಂದೂ ಬರೆದಿದ್ದಾರೆ. ಪಾಠದ ಉದಾಹರಣೆ ಹೀಗಿದೆ: ಮಳೆ ಸುರಿಯುತ್ತಿರುವ ಸಂಜೆ, ಶಾಲೆ ಬಿಡುವ ಹೊತ್ತಿನಲ್ಲಿ, ವೇಗಮಿತಿಯೊಳಗೇ ಬರುತ್ತಿದ್ದ ಕಾರು ರಸ್ತೆ ದಾಟುತ್ತಿದ್ದ ಮಗುವಿಗೆ ಗುದ್ದುತ್ತದೆ. ಚಾಲಕ ಯಾವ ನಿಯಮವನ್ನೂ ಮುರಿದಿಲ್ಲ, ಆದರೂ ‘ಬ್ರೀಚ್’ ಆಗಿದೆ ಎನ್ನುತ್ತದೆ ಪಾಠ. ‘ಉಲ್ಲಂಘನೆ’ ಎಂದು ಬರೆದರೆ, ಯಾವುದರ ಉಲ್ಲಂಘನೆ ಎಂದು ಓದುಗರು ಕೇಳುವುದಿಲ್ಲವೇ?

ನಿವೃತ್ತ ಶುಶ್ರೂಷಕಿ, ಮಂಗಳೂರು

‘ಆರೈಕೆ’ಯಲ್ಲಿ ತಪ್ಪೇನೂ ಕಾಣುವುದಿಲ್ಲ. ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ ನೋಡಿಕೊಳ್ಳುವುದು ಚಾಲಕನ ಕರ್ತವ್ಯವೇ ತಾನೇ?

ನಿವೃತ್ತ ಪೊಲೀಸ್ ಅಧಿಕಾರಿ, ಧಾರವಾಡ

ನಾವು ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂದೇ ಬರೆಯುತ್ತಿದ್ದೆವು. ಆದ್ದರಿಂದ ‘ಜಾಗರೂಕತೆಯ ಕರ್ತವ್ಯ’ ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ‘ಉಲ್ಲಂಘನೆ’ಯನ್ನು ಮಾತ್ರ ಬಿಡಬೇಡಿ. ಲೈಸೆನ್ಸ್ ಇಲ್ಲದೆ ಓಡಿಸಿದವನು ನಿಯಮ ಮುರಿದ, ಹಾಗಾಗಿ ಅವನದೇ ತಪ್ಪು. ಇದರಲ್ಲಿ ಗೊಂದಲ ಎಲ್ಲಿದೆ?

ವಕೀಲರು, ಮೈಸೂರು

ಪೊಲೀಸ್ ಅಧಿಕಾರಿಗಳ ‘ಜಾಗರೂಕತೆ’ಯನ್ನು ನಾನು ಒಪ್ಪುತ್ತೇನೆ. ಆರೈಕೆ ಅಪಘಾತವಾದ ಮೇಲಿನ ಮಾತು, ಈ ಕರ್ತವ್ಯವಾದರೋ ಚಾಲಕ ರಸ್ತೆಗಿಳಿದ ಕ್ಷಣದಿಂದಲೇ ಇರುವಂಥದು. ಆದರೆ ಲೈಸೆನ್ಸಿನ ಮಾತು ಅರ್ಧ ಮಾತ್ರ ಸರಿ. ಲೈಸೆನ್ಸ್ ಇಲ್ಲದೆ ಓಡಿಸುವುದು ಅಪರಾಧ ಹೌದು, ಆದರೆ ಅದೊಂದರಿಂದಲೇ ಸವಾರ ಅಪಘಾತಕ್ಕೆ ಕಾರಣನೆಂದು ಹೇಳಲಾಗದೆಂದು ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಕೂಟರ್ ಸವಾರಿ ಮಾಡುತ್ತಿದ್ದ ಹುಡುಗನೊಬ್ಬನ ಪ್ರಕರಣದಲ್ಲಿ ತೀರ್ಪಿತ್ತಿದೆ. ನಿಯಮ ಮುರಿದವನು ಜಾಗರೂಕನಾಗಿಯೇ ಓಡಿಸಿರಬಹುದು, ನಿಯಮ ಮುರಿಯದವನು ಅಜಾಗರೂಕನಾಗಿರಬಹುದು. ಅಳತೆಗೋಲು ನಿಯಮಪುಸ್ತಕವಲ್ಲ, ಆ ಮಳೆಯಲ್ಲಿ, ಆ ಶಾಲೆಯ ಮುಂದೆ, ಒಬ್ಬ ಸಾಧಾರಣ ಎಚ್ಚರದ ಚಾಲಕ ಏನು ಮಾಡುತ್ತಿದ್ದನು ಎಂಬುದು. ಈ ಅಳತೆ ಹೊಸಬರಿಗೆಂದು ಇಳಿಯುವುದೂ ಇಲ್ಲ: ಆಗತಾನೇ ಕಲಿಯುತ್ತಿದ್ದ ಚಾಲಕಿಯನ್ನೂ ಪಳಗಿದ ಚಾಲಕರ ಮಟ್ಟದಿಂದಲೇ ಅಳೆಯಬೇಕೆಂದು ಇಂಗ್ಲೆಂಡಿನ ನ್ಯಾಯಾಲಯ 1971ರಲ್ಲಿ ಹೇಳಿತು. ಆಕೆ ತನ್ನ ಕೈಲಾದಷ್ಟು ಪ್ರಯತ್ನಪಟ್ಟಿದ್ದಳು, ಬೇಕಾದ ಮಟ್ಟವನ್ನು ಮುಟ್ಟಲಿಲ್ಲ, ಅಷ್ಟೆ. ಬೇಲಿ ಹಾರಿದಂತೆ ಕೇಳಿಸುವ ‘ಉಲ್ಲಂಘನೆ’ ಇಲ್ಲಿ ಹೊಂದುವುದಿಲ್ಲ, ‘ಲೋಪ’ವೇ ಹತ್ತಿರದ ಪದ.

ಇನ್ನೊಂದು ಸೂಕ್ಷ್ಮವಿದೆ. ಈ ಕರ್ತವ್ಯ ಗಾಳಿಯಲ್ಲಿ ಇರುವುದಿಲ್ಲ, ಯಾರೋ ಒಬ್ಬರ ಕುರಿತಾಗಿ ಇರುತ್ತದೆ. 1938ರಲ್ಲಿ ಎಡಿನ್‌ಬರೊದಲ್ಲಿ ವೇಗವಾಗಿ ಬಂದ ಬೈಕ್ ಸವಾರನೊಬ್ಬ ನಿಂತಿದ್ದ ಟ್ರಾಮನ್ನು ಹಾದುಹೋಗಿ ಕಾರಿಗೆ ಗುದ್ದಿ ಸತ್ತನು. ಟ್ರಾಮಿನ ಆಚೆ ಬದಿಯಲ್ಲಿ ಮೀನಿನ ಬುಟ್ಟಿ ಹೊರಲು ನಿಂತಿದ್ದ ತುಂಬು ಗರ್ಭಿಣಿ ಶ್ರೀಮತಿ ಬೋರ್‌ಹಿಲ್ ಅಪಘಾತವನ್ನು ಕಣ್ಣಾರೆ ಕಾಣಲಿಲ್ಲ, ಸದ್ದು ಕೇಳಿ ಬೆಚ್ಚಿದರು, ಆಮೇಲೆ ರಸ್ತೆಯ ಮೇಲಿನ ರಕ್ತವನ್ನು ನೋಡಿದರು. ಅವರಿಗೆ ಹುಟ್ಟಿದ ಮಗು ಜೀವಂತವಿರಲಿಲ್ಲ. ಅವರು ಪರಿಹಾರ ಕೇಳಿದಾಗ ಹೌಸ್ ಆಫ್ ಲಾರ್ಡ್ಸ್ 1942ರಲ್ಲಿ, ಸವಾರ ಅಜಾಗರೂಕನಾಗಿದ್ದರೂ ಅಷ್ಟು ದೂರದಲ್ಲಿ ಮರೆಯಾಗಿದ್ದ ಈಕೆಗೆ ಹಾನಿಯಾದೀತೆಂದು ಅವನು ಊಹಿಸಬೇಕಾಗಿರಲಿಲ್ಲ, ಆದ್ದರಿಂದ ಈಕೆಯ ಮಟ್ಟಿಗೆ ಅವನಿಗೆ ಕರ್ತವ್ಯವೇ ಇರಲಿಲ್ಲ ಎಂದಿತು. ಕಾರಿನವರ ಮಟ್ಟಿಗಾದರೋ ಕರ್ತವ್ಯವೂ ಇತ್ತು, ಲೋಪವೂ ಆಯಿತು. ನಿಮ್ಮ ಅನುವಾದದಲ್ಲಿ ‘ಇಂಥವರ ಮಟ್ಟಿಗೆ’ ಎಂಬ ಮಾತು ಎಲ್ಲಿಯೂ ಬಿಟ್ಟುಹೋಗಬಾರದು.

ಲೆಕ್ಕಪರಿಶೋಧಕರು, ದಾವಣಗೆರೆ

ನನ್ನ ತಮ್ಮ ರಾತ್ರಿ ಬೈಕಿನಲ್ಲಿ ಬರುವಾಗ, ಹಿಂದಿನ ದೀಪವಿಲ್ಲದೆ ರಸ್ತೆಯಲ್ಲೇ ನಿಲ್ಲಿಸಿದ್ದ ಲಾರಿಗೆ ಗುದ್ದಿದನು. ನ್ಯಾಯಮಂಡಳಿ ಲಾರಿಯದೇ ತಪ್ಪು ಎಂದರೂ ಇವನೂ ನೋಡಿ ಓಡಿಸಬೇಕಿತ್ತೆಂದು ಪರಿಹಾರದಲ್ಲಿ ನಾಲ್ಕನೇ ಒಂದು ಭಾಗ ಕಡಿತ ಮಾಡಿತು. ಹಾಗಾದರೆ ಇವನದೂ ‘ಕರ್ತವ್ಯಲೋಪ’ವೇ? ಆ ಪದ ಕೇಳಿದರೆ ನನಗೆ ಅಮಾನತಾದ ಗ್ರಾಮಲೆಕ್ಕಿಗರೇ ನೆನಪಾಗುತ್ತಾರೆ.

ವಕೀಲರು, ಮೈಸೂರು

ಅಲ್ಲ. ಸಂತ್ರಸ್ತನ ಪಾಲಿನ ತಪ್ಪನ್ನು ಅಳೆಯಲು ಅವನು ಬೇರೆಯವರ ಕುರಿತಾದ ಕರ್ತವ್ಯದಲ್ಲಿ ತಪ್ಪಿದನೆಂದು ತೋರಿಸಬೇಕಿಲ್ಲ. ತನ್ನ ಸುರಕ್ಷತೆಯನ್ನೇ ಸಾಕಷ್ಟು ನೋಡಿಕೊಳ್ಳಲಿಲ್ಲ ಎಂದರೆ ಸಾಕು. ಅಲ್ಲಿ ಬರೀ ‘ಅಜಾಗರೂಕತೆ’ ಎಂದರೆ ಸರಿಹೋಗುತ್ತದೆ. ಗ್ರಾಮಲೆಕ್ಕಿಗರ ನೆನಪಿಗೆ ನನ್ನಲ್ಲಿ ಮದ್ದಿಲ್ಲ.

ಅನುವಾದಕಿ, ಶಿವಮೊಗ್ಗ

‘ಜಾಗರೂಕತೆಯ ಕರ್ತವ್ಯ’ವನ್ನು ಉಳಿಸಿಕೊಳ್ಳುತ್ತೇನೆ, ‘ಮಟ್ಟಿಗೆ’ಯನ್ನು ಸೇರಿಸಿದ್ದೇನೆ. ‘ಕರ್ತವ್ಯಲೋಪ’ ಎಂಬ ಸಮಾಸಕ್ಕೆ ಇಲಾಖಾ ವಿಚಾರಣೆಯ ವಾಸನೆ ಅಂಟಿರುವುದು ನಿಜವಾದ್ದರಿಂದ, ಅದನ್ನು ಬಿಡಿಸಿ ‘ಕರ್ತವ್ಯದಲ್ಲಿ ತಪ್ಪುವುದು’ ಎಂದು ಬರೆದು ನೋಡಿದೆ. ಆದರೆ ‘ತಪ್ಪುವುದು’ ಎಂಬಲ್ಲಿ ‘ತಪ್ಪು’ ಇಣುಕುತ್ತಿದೆ, ಕೈಲಾದಷ್ಟು ಪ್ರಯತ್ನಪಟ್ಟ ಆ ಕಲಿಯುವ ಚಾಲಕಿಗೆ ಅದು ಒಪ್ಪುತ್ತದೆಯೇ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.